ಸರಿಯಾಗಿ ಒತ್ತಿದರೂ ಪರ್ಫೆಕ್ಟ್ ಬರದಿದ್ದರೆ: ವಿಂಡೋ ಮುಟ್ಟುವ ಮೊದಲು ಆಫ್‌ಸೆಟ್ ಅಳೆಯಿರಿ

ಪ್ರಶ್ನೆ: ಸರ್, ಗೋಡೋ ಎಂಜಿನ್‌ನಲ್ಲಿ ನಾಲ್ಕು ಲೇನ್‌ನ ರಿದಮ್ ಗೇಮ್ ಮಾಡ್ತಿದ್ದೀನಿ. ಪರ್ಫೆಕ್ಟ್ ವಿಂಡೋ ±50 ಮಿಲಿಸೆಕೆಂಡ್ ಇಟ್ಟಿದ್ದೆ, ಹಾಡಿಗೆ ಸರಿಯಾಗಿ ಒತ್ತಿದ್ರೂ ಬರೀ ‘ಗುಡ್’ ಬರ್ತಿತ್ತು. ±100 ಮಾಡಿದೆ. ಈಗ ಪರ್ಫೆಕ್ಟ್ ಬರುತ್ತೆ, ಆದ್ರೆ ತುಂಬಾ ಮುಂಚೆ ಒತ್ತಿದ್ರೂ ಪರ್ಫೆಕ್ಟ್, ಸ್ವಲ್ಪ ತಡ ಆದ್ರೆ ಮಾತ್ರ ‘ಗುಡ್’. ಬ್ಲೂಟೂತ್ ಇಯರ್‌ಫೋನ್ ಹಾಕಿದ್ರೆ ಆಡೋಕೇ ಆಗಲ್ಲ. ವಿಂಡೋ ಎಷ್ಟಿಡಬೇಕು?

ಉತ್ತರ: ವಿಂಡೋವನ್ನು ಸದ್ಯಕ್ಕೆ ±50ಕ್ಕೇ ವಾಪಸ್ ತನ್ನಿ. ತೊಂದರೆ ಅಲ್ಲಿಲ್ಲ. ಮುಂಚೆ ಮತ್ತು ತಡ ಎರಡೂ ಕಡೆ ಒಂದೇ ಥರ ಕಷ್ಟವಾಗಿದ್ದರೆ ವಿಂಡೋ ಚಿಕ್ಕದಾಯಿತು ಅನ್ನಬಹುದಿತ್ತು. ನಿಮಗೆ ಒಂದು ಕಡೆ ಮಾತ್ರ ಕಷ್ಟ. ಅಂದರೆ ವಿಂಡೋದ ನಡುಮಧ್ಯವೇ ಸರಿಯಾದ ಜಾಗದಲ್ಲಿಲ್ಲ. ಬಾಗಿಲು ಪಕ್ಕಕ್ಕೆ ಸರಿದಿರುವಾಗ ಅದನ್ನು ಅಗಲ ಮಾಡಿದರೆ ಜನ ಒಳಗೆ ಬರುತ್ತಾರೆ ನಿಜ, ಆದರೆ ಗೋಡೆಗೆ ಉಜ್ಜಿಕೊಂಡೇ ಬರುತ್ತಾರೆ.

ಮೊದಲು ಮಾಡಬೇಕಾದ್ದು ಅಳತೆ. ಪ್ರತಿ ಸಲ ಒತ್ತಿದಾಗಲೂ, ಒತ್ತಿದ ಸಮಯದಿಂದ ನೋಟ್‌ನ ಸಮಯ ಕಳೆದು ಬಂದ ಅಂಕಿಯನ್ನು ಬರೆದಿಡಿ.

```gdscript
var err_ms = (song_time - note.time) * 1000.0
errors.append(err_ms)
```

ಪ್ಲಸ್ ಬಂದರೆ ತಡ, ಮೈನಸ್ ಬಂದರೆ ಮುಂಚೆ. ಈ ಗುರುತನ್ನು ಇಲ್ಲೇ ಗಟ್ಟಿ ಮಾಡಿಕೊಳ್ಳಿ, ಕೋಡ್‌ನ ಒಂದು ಕಡೆ ಹೀಗೆ ಇನ್ನೊಂದು ಕಡೆ ಹಾಗೆ ಆದರೆ ಆಫ್‌ಸೆಟ್, ಅಂದರೆ ತಡವನ್ನು ಸರಿದೂಗಿಸಲು ಕಳೆಯುವ ಅಂಕಿ, ಹಾಕಿದ ಮೇಲೆ ತಪ್ಪು ಎರಡರಷ್ಟಾಗುತ್ತದೆ. ಇನ್ನೊಂದು ಎಚ್ಚರಿಕೆ: ವಿಂಡೋ ಒಳಗೆ ಬಿದ್ದದ್ದನ್ನು ಮಾತ್ರ ಬರೆಯಬೇಡಿ. ±200ರ ತನಕ ಎಲ್ಲವನ್ನೂ ಬರೆಯಿರಿ. ವಿಂಡೋದ ಹೊರಗಿನದನ್ನು ಬಿಟ್ಟರೆ ಒಂದು ಕಡೆಯ ಬಾಲ ಕತ್ತರಿಸಿ ಹೋಗುತ್ತದೆ, ಸರಾಸರಿ ಸುಮ್ನೆ ಸೊನ್ನೆಯ ಹತ್ತಿರ ಇರುವ ಹಾಗೆ ಕಾಣುತ್ತದೆ.

ಈ ಪಟ್ಟಿಯಿಂದ ಎರಡೇ ಅಂಕಿ ತೆಗೆಯಿರಿ. ಒಂದು ಸರಾಸರಿ. ಇನ್ನೊಂದು ಹರವು, ಅಂದರೆ ಗಣಿತದವರು ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನುವುದು. ಇವೆರಡೂ ಬೇರೆ ಬೇರೆ ಕಾಯಿಲೆಗಳು. ಸರಾಸರಿ ಸೊನ್ನೆಯಿಂದ ದೂರ ಇದ್ದರೆ ಅದು ಲೇಟೆನ್ಸಿ, ಅಂದರೆ ಪ್ರತಿ ಸಲವೂ ಒಂದೇ ಅಳತೆಯ ತಡ, ಅದಕ್ಕೆ ಮದ್ದು ಆಫ್‌ಸೆಟ್. ಹರವು ಜಾಸ್ತಿ ಇದ್ದರೆ ಅದು ಆಡುವವರ ಕೈ ಅಥವಾ ನಿಮ್ಮ ಗಡಿಯಾರದ ಅಲುಗಾಟ, ವಿಂಡೋದ ಅಗಲ ನಿರ್ಧಾರವಾಗಬೇಕಾದ್ದು ಇದರಿಂದ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟಾಗಲೇ ನಿಮಗಾದಂಥದ್ದು ಆಗುತ್ತದೆ.

ನಿಮ್ಮ ಲಾಗ್ ನನ್ನ ಹತ್ತಿರ ಇಲ್ಲ, ಆದ್ದರಿಂದ ನಾನು ಮಾಡಿದ ಆಟದ ಮೊದಲ ಆವೃತ್ತಿಯ ಲಾಗ್ ಹೇಳುತ್ತೇನೆ, ಲಕ್ಷಣ ಒಂದೇ. ಲ್ಯಾಪ್‌ಟಾಪ್, ಅದರದೇ ಸ್ಪೀಕರ್, ನಾನೇ ಆಡಿದ್ದು, ಇನ್ನೂರಕ್ಕೂ ಹೆಚ್ಚು ನೋಟ್. ಸರಾಸರಿ +62, ಹರವು 24. ಈ ಎರಡು ಅಂಕಿಯಿಂದ ಲೆಕ್ಕ ಹಾಕಿದರೆ ±50 ವಿಂಡೋಗೆ ಬೀಳುವುದು ನೂರಕ್ಕೆ 31 ಮಾತ್ರ. ±100 ಮಾಡಿದರೆ 94. ಅಂಕಿ ನೋಡಿದರೆ ರೋಗ ವಾಸಿಯಾಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಆಡುವವರ ಕಿವಿಗೆ ಬೀಟ್ ಇರುವುದು +62ರಲ್ಲಿ. ಅಲ್ಲಿಂದ ನೋಡಿದರೆ ಮುಂಚೆ ಒತ್ತಲು 162 ಮಿಲಿಸೆಕೆಂಡ್ ಜಾಗ, ತಡವಾಗಿ ಒತ್ತಲು ಬರೀ 38. ನಿಮಗೆ ಕಾಣುತ್ತಿರುವುದು ಇದೇ. ಇನ್ನೂ ಕೆಟ್ಟದ್ದು ಏನೆಂದರೆ, 180 ಬಿಪಿಎಮ್ ಹಾಡಿನಲ್ಲಿ ಅರ್ಧ ಬೀಟ್‌ಗೆ ಒಂದು ನೋಟ್ ಇದ್ದರೆ ಎರಡು ನೋಟ್‌ಗಳ ನಡುವೆ ಇರುವುದೇ 167 ಮಿಲಿಸೆಕೆಂಡ್. ಹಿಂದಿನ ನೋಟ್ ತಪ್ಪಿಸಿಕೊಂಡು ಒಂಚೂರು ತಡವಾಗಿ ಒತ್ತಿದರೆ ಅದು ಮುಂದಿನ ನೋಟ್‌ಗೆ ಪರ್ಫೆಕ್ಟ್ ಅಂತ ಲೆಕ್ಕಕ್ಕೆ ಹೋಗುತ್ತದೆ, ಆಮೇಲೆ ಸಾಲಿಗೆ ಸಾಲೇ ಒಂದು ನೋಟ್ ಮುಂದೆ ಸರಿದುಬಿಡುತ್ತದೆ.

ಅದೇ ಲಾಗ್‌ನಲ್ಲಿ ಎಲ್ಲ ಅಂಕಿಯಿಂದ 62 ಕಳೆದು ±50ರಲ್ಲಿ ನೋಡಿದೆ. ನೂರಕ್ಕೆ 96. ವಿಂಡೋ ಕೂದಲೆಳೆಯಷ್ಟೂ ಅಗಲ ಮಾಡದೆ.

ಈ 62 ಎಲ್ಲಿಂದ ಬಂತು? ಎಂಜಿನ್ ಧ್ವನಿಯನ್ನು ತುಂಡು ತುಂಡಾಗಿ ತಯಾರಿಸಿ ಬಫರ್‌ಗೆ ಹಾಕುತ್ತದೆ, ಅಲ್ಲಿಂದ ಆಪರೇಟಿಂಗ್ ಸಿಸ್ಟಮ್‌ನ ಮಿಕ್ಸರ್, ಅಲ್ಲಿಂದ ಡ್ರೈವರ್, ಕೊನೆಗೆ ಸ್ಪೀಕರ್. ಹಾಡಿನ ಸ್ಥಾನ ಕೇಳಿದಾಗ ಎಂಜಿನ್ ಹೇಳುವುದು ತಾನು ಎಷ್ಟನ್ನು ಮಿಕ್ಸ್ ಮಾಡಿ ಕಳಿಸಿದೆ ಅನ್ನುವುದನ್ನು, ನಿಮ್ಮ ಕಿವಿಗೆ ಎಷ್ಟು ಬಿತ್ತು ಅನ್ನುವುದನ್ನಲ್ಲ. ಅದರ ಮೇಲೆ ಕೀಬೋರ್ಡ್ ಅಥವಾ ಟಚ್ ಸ್ಕ್ರೀನ್‌ನ ತಡ, ಮುಂದಿನ ಫ್ರೇಮ್ ಬರುವ ತನಕದ ಕಾಯುವಿಕೆ. ಸ್ಪೀಕರ್ ದೂರ ಇದ್ದರೆ ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ಗಾಳಿಯಲ್ಲೇ ಹೋಗುತ್ತದೆ. ಇವುಗಳಲ್ಲಿ ಎಂಜಿನ್‌ಗೆ ಗೊತ್ತಿರುವುದು ಸ್ವಲ್ಪ ಭಾಗ ಮಾತ್ರ. ಉಳಿದದ್ದನ್ನು ಆಡುವವರ ಕೈಯಿಂದಲೇ ಅಳೆಯಬೇಕು.

ಅದಕ್ಕೆ ಮುಂಚೆ ಗಡಿಯಾರ ಸರಿ ಇದೆಯಾ ನೋಡಿ. ಅಲುಗಾಡುವ ತಕ್ಕಡಿಯಲ್ಲಿ ತೂಕ ಮಾಡಿ ಪ್ರಯೋಜನವಿಲ್ಲ. `get_playback_position()` ಅನ್ನು ಮಾತ್ರ ಬಳಸುತ್ತಿದ್ದರೆ ಅದು ನಿರಂತರವಾಗಿ ಹರಿಯುವುದಿಲ್ಲ, ಹೊಸ ತುಂಡು ಮಿಕ್ಸ್ ಆದಾಗಲೆಲ್ಲ ಒಮ್ಮೆಲೇ ಹಾರುತ್ತದೆ. ಪ್ರತಿ ಫ್ರೇಮ್‌ಗೆ ಅದು ಎಷ್ಟು ಮುಂದೆ ಹೋಯಿತು ಅಂತ ಪ್ರಿಂಟ್ ಮಾಡಿ ನೋಡಿ. 60 ಫ್ರೇಮ್ ಓಡುವ ಆಟದಲ್ಲಿ ಪ್ರತಿ ಸಲ 16 ಅಥವಾ 17 ಬರಬೇಕು. ಅದರ ಬದಲು 21, 21, 0, 21 ಅಂತ ಬಂದರೆ ಗಡಿಯಾರ ಮೆಟ್ಟಿಲು ಹತ್ತುತ್ತಿದೆ ಅಂತ ಅರ್ಥ (48,000 ಹರ್ಟ್ಸ್‌ನಲ್ಲಿ 1,024 ಸ್ಯಾಂಪಲ್‌ನ ತುಂಡು ಅಂದರೆ 21.3 ಮಿಲಿಸೆಕೆಂಡ್). ಒಬ್ಬರು ಅದ್ಭುತವಾಗಿ ಒತ್ತಿದರೂ ಆಟ ಅವರಿಗೆ 20 ಮಿಲಿಸೆಕೆಂಡ್ ಹೆಚ್ಚುಕಡಿಮೆ ಲೆಕ್ಕ ಕೊಡುತ್ತದೆ. ಇದು ಆಫ್‌ಸೆಟ್‌ನಿಂದ ಹೋಗುವುದಿಲ್ಲ, ಯಾಕೆಂದರೆ ಪ್ರತಿ ಸಲ ಬೇರೆ ಬೇರೆ.

ಗೋಡೋದಲ್ಲಿ ಇದಕ್ಕೆ ದಾರಿ ಇದೆ. ಕೊನೆಯ ಮಿಕ್ಸ್ ಆಗಿ ಎಷ್ಟು ಹೊತ್ತಾಯಿತು ಅನ್ನುವುದನ್ನು ಸೇರಿಸಬೇಕು, ಎಂಜಿನ್‌ಗೆ ಗೊತ್ತಿರುವ ಔಟ್‌ಪುಟ್ ತಡವನ್ನು ಕಳೆಯಬೇಕು. ಬೇರೆ ಬೇರೆ ಥ್ರೆಡ್‌ಗಳ ಕಾರಣ ಆ ಅಂಕಿಯೂ ಸ್ವಲ್ಪ ನಡುಗುತ್ತದೆ, ಒಮ್ಮೊಮ್ಮೆ ಹಿಂದಕ್ಕೂ ಹೋಗುತ್ತದೆ. ಹಾಗಾಗಿ ನಾನು ಅದನ್ನೇ ನೇರ ಬಳಸುವುದಿಲ್ಲ. ನನ್ನದೇ ಗಡಿಯಾರವನ್ನು ಫ್ರೇಮ್ ಸಮಯದಿಂದ ಓಡಿಸುತ್ತೇನೆ, ಆಡಿಯೋ ಕಡೆಗೆ ಅದನ್ನು ನಿಧಾನವಾಗಿ ಎಳೆಯುತ್ತೇನೆ.

```gdscript
var song_time := 0.0
var out_lat := 0.0

func _ready():
    out_lat = AudioServer.get_output_latency()

func _process(delta):
    song_time += delta
    var heard = player.get_playback_position() \
        + AudioServer.get_time_since_last_mix() - out_lat
    var diff = heard - song_time
    if abs(diff) > 0.05:
        song_time = heard
    else:
        song_time += diff * 0.1
```

`get_output_latency()` ಅನ್ನು ಪ್ರತಿ ಫ್ರೇಮ್ ಕರೆಯಬೇಡಿ, ಅದು ಭಾರದ ಕೆಲಸ. ಒಮ್ಮೆ ಕೇಳಿ ಇಟ್ಟುಕೊಂಡರೆ ಸಾಕು. ಹಾಡು ಓಡದಿರುವಾಗ ಮತ್ತು ಪಾಜ್ ಆದಾಗ ಈ ಗಡಿಯಾರವನ್ನೂ ನಿಲ್ಲಿಸಿ. 50 ಮಿಲಿಸೆಕೆಂಡ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಎಲ್ಲೋ ಫ್ರೇಮ್ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ, ಆಗ ನಿಧಾನ ಎಳೆಯುವುದು ಬೇಡ, ನೇರ ಹಾರಿಸಿ. “ಬರೀ ಸಿಸ್ಟಮ್ ಗಡಿಯಾರ ಬಳಸಿದರೆ ಆಗಲ್ವಾ” ಅಂತ ಕೆಲವರು ಕೇಳುತ್ತಾರೆ. ಶುರುವಿನಲ್ಲಿ ಸರಿ ಇರುತ್ತದೆ. ಆದರೆ ಸೌಂಡ್ ಕಾರ್ಡ್‌ನ ಗಡಿಯಾರ ಬೇರೆ, ಅದು ತನ್ನ ವೇಗದಲ್ಲಿ ಓಡುತ್ತದೆ. ಹಾಡಿನ ನಡುವೆ ಆಡಿಯೋ ಒಂದು ಸಲ ತೊದಲಿದರಂತೂ ಎರಡೂ ಮತ್ತೆ ಸೇರುವುದೇ ಇಲ್ಲ.

ಫ್ರೇಮ್ ವಿಷಯವೂ ಇಲ್ಲೇ ಬರುತ್ತದೆ. ಒತ್ತಿದ್ದನ್ನು ಫ್ರೇಮ್‌ಗೊಮ್ಮೆ ನೋಡುತ್ತಿದ್ದರೆ, 60 ಫ್ರೇಮ್‌ನಲ್ಲಿ ಆ ಒತ್ತು 0ಯಿಂದ 16.7 ಮಿಲಿಸೆಕೆಂಡ್ ತಡವಾಗಿ ತಿಳಿಯುತ್ತದೆ. ಸರಾಸರಿ 8 ಆಫ್‌ಸೆಟ್‌ನಲ್ಲಿ ಕರಗಿ ಹೋಗುತ್ತದೆ, ಆದರೆ ಅದರ ಸುತ್ತಲಿನ ±8 ಉಳಿಯುತ್ತದೆ. 60 ಫ್ರೇಮ್ ಫೋನ್‌ನಲ್ಲಿ ±16ರ ವಿಂಡೋ ಇಟ್ಟರೆ ಅದರ ಅರ್ಧ ಪಾಲು ಫ್ರೇಮೇ ತಿಂದುಹಾಕಿತು ಅಂತಲೇ ಲೆಕ್ಕ. ಸಾಧನ 120 ಫ್ರೇಮ್ ಕೊಡುತ್ತದಾದರೆ ತೆಗೆದುಕೊಳ್ಳಿ, ಕಣ್ಣಿಗಿಂತ ಜಡ್ಜ್‌ಮೆಂಟ್‌ಗೆ ಅದು ಹೆಚ್ಚು ಬೇಕು.

ಈಗ ಕ್ಯಾಲಿಬ್ರೇಶನ್, ಅಂದರೆ ಆಡುವವರ ಕೈಯಿಂದ ಆಫ್‌ಸೆಟ್ ಅಳೆಯುವುದು. ಎಲ್ಲರೂ ಮಾಡುವುದು ಒಂದು ಮೆಟ್ರೋನೋಮ್ ಟಿಕ್ ಟಿಕ್ ಹಾಕಿ “ಇದಕ್ಕೆ ಒತ್ತಿ” ಅನ್ನುವುದು. ಅದರಲ್ಲಿ ಒಂದು ಬಲೆ ಇದೆ. ಬರಿಯ ಟಿಕ್‌ಗೆ ಬೆರಳು ಬಡಿಯಲು ಹೇಳಿದರೆ ಮನುಷ್ಯರು ಟಿಕ್ ಬರುವ ಮುಂಚೆಯೇ ಬಡಿಯುತ್ತಾರೆ, ಸಂಗೀತ ಕಲಿಯದವರು ಕೆಲವು ಹತ್ತು ಮಿಲಿಸೆಕೆಂಡ್‌ಗಳಷ್ಟು ಮುಂಚೆ. ಅವರಿಗೆ ಅದು ಸರಿಯಾಗಿ ಕೂಡಿಬಂತು ಅಂತಲೇ ಅನ್ನಿಸುತ್ತದೆ. ಬೆರಳು ಬಡಿಸುವ ಪ್ರಯೋಗ ಮಾಡುವವರಿಗೆ ಇದು ಬಹಳ ಹಳೆಯ ವಿಷಯ. ಟಿಕ್‌ಗಳ ನಡುವಿನ ಅಂತರ ಖಾಲಿ ಇದ್ದಷ್ಟೂ ಈ ಆತುರ ಜಾಸ್ತಿ, ನಡುವೆ ಸಣ್ಣ ಹೊಡೆತಗಳು ತುಂಬಿದ್ದರೆ ಕಡಿಮೆ, ನಿಜವಾದ ಹಾಡಿನಲ್ಲಿ ಇನ್ನೂ ಕಡಿಮೆ. ನಿಮ್ಮ ಕ್ಯಾಲಿಬ್ರೇಶನ್ ಖಾಲಿ ಟಿಕ್‌ನದಾಗಿದ್ದು ಆಟ ತುಂಬು ಹಾಡಿನದಾಗಿದ್ದರೆ, ಮೊದಲನೆಯದರಲ್ಲಿ ಬಂದ ಅಂಕಿ ಎರಡನೆಯದಕ್ಕೆ ಹೊಂದುವುದಿಲ್ಲ. ಕ್ಯಾಲಿಬ್ರೇಟ್ ಮಾಡಿ ಬಂದವರು ಮೊದಲ ಹಾಡಿನಲ್ಲೇ ಎಲ್ಲದಕ್ಕೂ “ತಡ” ಅಂತ ಕಾಣುತ್ತಾರೆ.

ನನ್ನ ಆಟ ಪರೀಕ್ಷಿಸಿದವರಲ್ಲಿ ಮೃದಂಗ ಕಲಿತ ಒಬ್ಬರಿದ್ದರು. ಖಾಲಿ ಟಿಕ್‌ನಲ್ಲೂ ಹಾಡಿನಲ್ಲೂ ಅವರ ಸರಾಸರಿ ಹೆಚ್ಚುಕಡಿಮೆ ಒಂದೇ ಬಂತು. ಹೇಗೆ ಅಂತ ಕೇಳಿದೆ. ಟಿಕ್ ಟಿಕ್ ನಡುವೆ ಮನಸ್ಸಿನಲ್ಲೇ ತಕಧಿಮಿ ಹೇಳಿಕೊಳ್ಳುತ್ತೇನೆ ಅಂದರು. ಅವರು ತಲೆಯೊಳಗೆ ತುಂಬಿಕೊಂಡದ್ದನ್ನು ಉಳಿದವರಿಗೆ ನಾವು ಸ್ಪೀಕರ್‌ನಲ್ಲಿ ತುಂಬಿ ಕೊಡಬೇಕು ಅಂತ ಅವತ್ತೇ ನನಗೆ ಹೊಳೆದದ್ದು.

ಹಾಗಾಗಿ ಕ್ಯಾಲಿಬ್ರೇಶನ್‌ಗೆ ಒಂದು ಪುಟ್ಟ ಹಾಡಿನ ತುಣುಕನ್ನೇ ಮಾಡಿ. 90 ಬಿಪಿಎಮ್ ಇರಲಿ. ಬೀಟ್‌ನ ಮೇಲೆ ಚುರುಕಾದ ಡ್ರಮ್ ಹೊಡೆತ, ನಡುವೆ ಮೆಲ್ಲಗೆ ಹೈ-ಹ್ಯಾಟ್. ವೇಗ ಇದಕ್ಕಿಂತ ಜಾಸ್ತಿ ಬೇಡ ಅನ್ನುವುದಕ್ಕೆ ಗಟ್ಟಿ ಕಾರಣ ಇದೆ. ಒತ್ತಿದ್ದನ್ನು ನಾವು ಹತ್ತಿರದ ಬೀಟ್‌ಗೆ ಜೋಡಿಸುತ್ತೇವೆ, ಅಲ್ವಾ? 120 ಬಿಪಿಎಮ್‌ನಲ್ಲಿ ಬೀಟ್‌ಗಳ ನಡುವೆ 500 ಮಿಲಿಸೆಕೆಂಡ್, ಅದರ ಅರ್ಧ 250. ಬ್ಲೂಟೂತ್‌ನ ತಡ 250ರ ಹತ್ತಿರ ಬಂದರೆ ಕೆಲವು ಒತ್ತು ಹಿಂದಿನ ಬೀಟ್‌ಗೆ, ಕೆಲವು ಮುಂದಿನದಕ್ಕೆ ಅಂಟಿಕೊಳ್ಳುತ್ತವೆ. ಅರ್ಧ +240, ಅರ್ಧ −240, ಸರಾಸರಿ ಸೊನ್ನೆ! ಆಟ ನಿಮಗೆ “ಎಲ್ಲ ಸರಿ ಇದೆ” ಅಂತ ಹೇಳುತ್ತದೆ. 90ರಲ್ಲಿ ಅರ್ಧ ಅಂದರೆ 333, ಸಾಕಷ್ಟು ಜಾಗ ಸಿಗುತ್ತದೆ.

ಮೊದಲ ನಾಲ್ಕು ಒತ್ತುಗಳನ್ನು ಎಸೆಯಿರಿ, ಆಗಿನ್ನೂ ಕೈ ಲಯಕ್ಕೆ ಕೂತಿರುವುದಿಲ್ಲ. ಆಮೇಲೆ 24 ಒತ್ತು ತೆಗೆದುಕೊಂಡು ಸರಾಸರಿಯ ಬದಲು ಮಧ್ಯದ ಅಂಕಿ ಆರಿಸಿ, ಅಂದರೆ ಮೀಡಿಯನ್. ಒಂದೆರಡು ಸಲ ಕೈ ತಪ್ಪಿ ಎಲ್ಲೋ ಬಿದ್ದರೂ ಅದು ಕದಲುವುದಿಲ್ಲ. ಹರವು 40 ದಾಟಿದರೆ ಅಂಕಿಯನ್ನು ಉಳಿಸಬೇಡಿ, ಇನ್ನೊಮ್ಮೆ ಮಾಡಲು ಕೇಳಿ. ಹರವು 24 ಇರುವವರು 24 ಸಲ ಒತ್ತಿದರೆ ಬರುವ ಅಂಕಿಯಲ್ಲೇ ಐದಾರು ಮಿಲಿಸೆಕೆಂಡ್‌ನ ಅನಿಶ್ಚಿತತೆ ಇರುತ್ತದೆ, ಆದ್ದರಿಂದ ಸ್ಲೈಡರ್‌ನಲ್ಲಿ ದಶಾಂಶ ತೋರಿಸುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಬಹಳ ಮುಖ್ಯ: ಈ ಪರೀಕ್ಷೆ ನಡೆಯುವಾಗ ಒತ್ತಿದ್ದಕ್ಕೆ ಯಾವ ಸದ್ದನ್ನೂ ಮಾಡಬೇಡಿ. ಸದ್ದು ಮಾಡಿದರೆ ಅದೂ ತಡವಾಗಿ ಬರುತ್ತದೆ, ಜನ ತಮ್ಮ ಬೆರಳನ್ನು ಬಿಟ್ಟು ಆ ಸದ್ದನ್ನು ಬೀಟ್‌ಗೆ ಕೂಡಿಸಲು ಹೋಗುತ್ತಾರೆ. ಆಗ ಅವರು ಮುಂಚೆ ಮುಂಚೆ ಒತ್ತಿ ನಿಮ್ಮ ಅಳತೆಯನ್ನೇ ಹಾಳು ಮಾಡುತ್ತಾರೆ, ಅದು ಅವರ ತಪ್ಪಲ್ಲ. ಪರದೆಯ ಮೇಲೂ ಏನೂ ಮಿನುಗಬಾರದು. ಕಿವಿ ಮಾತ್ರ.

ಇಷ್ಟಾದರೆ ಕಿವಿಯ ಆಫ್‌ಸೆಟ್ ಸಿಕ್ಕಿತು, ಅದನ್ನು A ಅನ್ನೋಣ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಪರದೆಗೂ ತನ್ನದೇ ತಡ ಇದೆ. ಟಿವಿಗೆ ಹಾಕಿ ಗೇಮ್ ಮೋಡ್ ಆನ್ ಮಾಡದೆ ಆಡುವವರಿಗೆ ಅದು ಕಣ್ಣಿಗೇ ಗೊತ್ತಾಗುವಷ್ಟು ಇರುತ್ತದೆ. ಬೀಳುವ ನೋಟ್ ಗೆರೆ ಮುಟ್ಟುವುದು ಒಂದು ಕ್ಷಣ, ಬೀಟ್ ಕೇಳಿಸುವುದು ಇನ್ನೊಂದು ಕ್ಷಣ ಆದರೆ ಕೆಲವರು ಕಣ್ಣನ್ನು ನಂಬುತ್ತಾರೆ, ಕೆಲವರು ಕಿವಿಯನ್ನು, ಹೆಚ್ಚಿನವರು ಕಷ್ಟದ ಜಾಗ ಬಂದಾಗ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಾರೆ. ಅವರ ಲಾಗ್‌ನಲ್ಲಿ ಒಂದರ ಬದಲು ಎರಡು ಗುಡ್ಡೆ ಕಾಣುತ್ತದೆ. ಎರಡು ಗುಡ್ಡೆ ಕಂಡರೆ ಅನುಮಾನವೇ ಬೇಡ, ಕಣ್ಣು ಕಿವಿ ಜಗಳ ಆಡುತ್ತಿವೆ.

ಅದಕ್ಕೆ ಎರಡನೇ ಪರೀಕ್ಷೆ. ಸದ್ದು ಪೂರ್ತಿ ಬಂದ್, ಬೀಳುವ ನೋಟ್ ಮಾತ್ರ, ಗೆರೆ ಮುಟ್ಟಿದಾಗ ಒತ್ತಬೇಕು. ಮಿಂಚಿ ಮಾಯವಾಗುವ ದೀಪ ಬಳಸಬೇಡಿ. ಮಿಂಚಿಗೆ ಬೆರಳು ಕೂಡಿಸುವುದರಲ್ಲಿ ನಾವು ಬಹಳ ದುರ್ಬಲರು, ಚಲಿಸುವ ವಸ್ತುವಿಗೆ ಎಷ್ಟೋ ಚೆನ್ನಾಗಿ ಕೂಡಿಸುತ್ತೇವೆ. ಆಟದಲ್ಲೂ ಇರುವುದು ಬೀಳುವ ನೋಟ್ ತಾನೆ. ಇಲ್ಲಿ ಬಂದ ಅಂಕಿ V. ಎರಡೂ ಪರೀಕ್ಷೆಯನ್ನು ಆಟದ ಅದೇ `song_time` ಗಡಿಯಾರದಿಂದಲೇ ಅಳೆಯಿರಿ. ಆಮೇಲೆ ಆಟದಲ್ಲಿ ಎರಡು ಬೇರೆ ಸಮಯ ಇಟ್ಟುಕೊಳ್ಳಿ:

```gdscript
var judge_time = song_time - A / 1000.0
var draw_time  = song_time - (A - V) / 1000.0
```

ಒತ್ತಿದ್ದನ್ನು ತೂಗುವುದು `judge_time`ನಿಂದ, ನೋಟ್‌ಗಳನ್ನು ಬಿಡಿಸುವುದು `draw_time`ನಿಂದ. ಇದರ ಒಳ್ಳೆಯತನ ಏನೆಂದರೆ, ಟಚ್ ಸ್ಕ್ರೀನ್‌ನ ತಡ ಎಷ್ಟು ಅಂತ ಬೇರೆಯಾಗಿ ತಿಳಿಯಬೇಕಾಗಿಯೇ ಇಲ್ಲ. ಅದು A ಯಲ್ಲೂ ಇದೆ, V ಯಲ್ಲೂ ಇದೆ, ಕಳೆದಾಗ ಹೋಗಿಬಿಡುತ್ತದೆ. ಒಂದು ಉದಾಹರಣೆ: A 62, V 40 ಬಂತು ಅನ್ನಿ. ಧ್ವನಿ ಚಿತ್ರಕ್ಕಿಂತ 22 ಮಿಲಿಸೆಕೆಂಡ್ ಹಿಂದೆ ಇದೆ, ಆದ್ದರಿಂದ ಚಿತ್ರವನ್ನು 22 ಹಿಂದಕ್ಕೆ ಹಿಡಿದು ಬಿಡಿಸುತ್ತೇವೆ, ಗೆರೆ ಮುಟ್ಟುವುದೂ ಬೀಟ್ ಕೇಳುವುದೂ ಒಟ್ಟಿಗೇ ಆಗುತ್ತದೆ. ಟಿವಿಯಲ್ಲಿ V ದೊಡ್ಡದಾದರೆ ಕಳೆದದ್ದು ಮೈನಸ್ ಬರುತ್ತದೆ, ಚಿತ್ರ ಮುಂದಕ್ಕೆ ಓಡುತ್ತದೆ, ಸೂತ್ರ ಅದೇ.

ಬ್ಲೂಟೂತ್‌ಗೆ ಬರೋಣ. ಸಾಧಾರಣ ಬ್ಲೂಟೂತ್ ಇಯರ್‌ಫೋನ್‌ನಲ್ಲಿ 150ರಿಂದ 250 ಮಿಲಿಸೆಕೆಂಡ್ ತಡ ಸಾಮಾನ್ಯ, ಅದರ ಪೂರ್ತಿ ಲೆಕ್ಕವನ್ನು ಎಂಜಿನ್ ಹೇಳುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಆದರೂ ನೋಟ್, ಜಡ್ಜ್‌ಮೆಂಟ್ ಎರಡನ್ನೂ ಮೇಲಿನ ಹಾಗೆ ಸರಿಸಿದರೆ ಆಡಬಹುದು. ಸರಿಪಡಿಸಲಾಗದ್ದು ಒಂದೇ, ಒತ್ತಿದಾಗ ಬರುವ ಹಿಟ್ ಸೌಂಡ್. ಒತ್ತುವ ಮುಂಚೆ ಅದನ್ನು ನುಡಿಸಲು ಆಗುವುದಿಲ್ಲವಲ್ಲ. ಪ್ರತಿ ಒತ್ತಿಗೂ ಕಾಲು ಸೆಕೆಂಡ್ ಹಿಂದೆ ಪ್ರತಿಧ್ವನಿಯ ಹಾಗೆ ಬಂದು ಲಯ ಕೆಡಿಸುತ್ತದೆ. A 100 ದಾಟಿದರೆ ಹಿಟ್ ಸೌಂಡ್ ತಾನಾಗಿಯೇ ಬಂದ್ ಆಗಲಿ. ಇಲ್ಲವೇ ಆ ಸದ್ದನ್ನು ಒತ್ತಿದಾಗ ನುಡಿಸದೆ ಹಾಡಿನೊಳಗೇ ನೋಟ್‌ನ ಜಾಗದಲ್ಲಿ ಸೇರಿಸಿಬಿಡಿ. A ಮತ್ತು V ಅನ್ನು ಔಟ್‌ಪುಟ್ ಸಾಧನಕ್ಕೊಂದರಂತೆ ಉಳಿಸಿ: ಸ್ಪೀಕರ್‌ಗೆ ಒಂದು, ವೈರ್ ಇಯರ್‌ಫೋನ್‌ಗೆ ಒಂದು, ಬ್ಲೂಟೂತ್‌ಗೆ ಒಂದು. ಸಾಧನ ಬದಲಾದದ್ದು ತಿಳಿದ ಕೂಡಲೇ ಅದರದೇ ಅಂಕಿ ಎತ್ತಿಕೊಳ್ಳಿ.

ಈಗ ನೀವು ಕೇಳಿದ್ದಕ್ಕೆ, ವಿಂಡೋ ಎಷ್ಟು. ಗೊತ್ತಿರುವ ಆಟಗಳನ್ನು ನೋಡಿ. ಓಸು ಆಟದಲ್ಲಿ ಅತ್ಯುತ್ತಮ ಜಡ್ಜ್‌ಮೆಂಟ್‌ನ ವಿಂಡೋ `80 - 6 * OD` ಮಿಲಿಸೆಕೆಂಡ್. OD ಅಂದರೆ ಆ ಹಾಡಿಗೆ ಇಟ್ಟ ಕಷ್ಟದ ಅಂಕಿ. OD 5 ಆದರೆ ±50, 8 ಆದರೆ ±32. ಸ್ಟೆಪ್‌ಮೇನಿಯಾದಲ್ಲಿ ಮೊದಲಿನಿಂದ ಇರುವ ಅಳತೆಯಲ್ಲಿ ಮೇಲಿನ ಮೂರು ಮೆಟ್ಟಿಲು ±22.5, ±45, ±90, ಒಂದಕ್ಕಿಂತ ಒಂದು ದುಪ್ಪಟ್ಟು. ನನಗೆ ಈ ಎರಡನೆಯ ಕ್ರಮ ಇಷ್ಟ, ಯಾಕೆಂದರೆ ಜನರ ಹರವಿಗೆ ಅದು ಚೆನ್ನಾಗಿ ಹೊಂದುತ್ತದೆ.

ನನ್ನ ಪರೀಕ್ಷೆಯಲ್ಲಿ ಆಟ ರೂಢಿಯಾದವರ ಹರವು 24ರ ಆಸುಪಾಸು, ಮೊದಲ ಸಲ ಆಡುವವರದ್ದು 38. ಸರಾಸರಿ ಸೊನ್ನೆಗೆ ಬಂದ ಮೇಲೆ ಇದನ್ನು ±45ಕ್ಕೆ ಹಿಡಿದು ನೋಡಿ: ರೂಢಿಯಾದವರಿಗೆ ನೂರಕ್ಕೆ 94, ಹೊಸಬರಿಗೆ 76. ಹೊಸಬರಿಗೆ ಬೇಸರವಾಗದಷ್ಟು ಪರ್ಫೆಕ್ಟ್ ಸಿಗುತ್ತದೆ. ಆದರೆ ರೂಢಿಯಾದವರಿಗೆ ಅಲ್ಲಿ ಇನ್ನು ಕೆಲಸವಿಲ್ಲ, ಆದ್ದರಿಂದ ಮೇಲೆ ±22ರ ಇನ್ನೊಂದು ಮೆಟ್ಟಿಲು ಇಡಿ. ಅಲ್ಲಿ ಅವರಿಗೇ ನೂರಕ್ಕೆ 64 ಮಾತ್ರ ಸಿಗುತ್ತದೆ, ಅಭ್ಯಾಸ ಮಾಡಿದ್ದು ಅಂಕಿಯಲ್ಲಿ ಕಾಣುತ್ತದೆ. ಹೊರಗಿನ ‘ಗುಡ್’ ±90 ಇರಲಿ, ಹೊಸಬರ ಒತ್ತುಗಳಲ್ಲೂ 98 ಅದರೊಳಗೆ ಬೀಳುತ್ತವೆ. ನಿಮ್ಮ ಆಟಗಾರರ ಹರವು ಬೇರೆ ಬಂದರೆ ಇದೇ ಲೆಕ್ಕ ಮತ್ತೆ ಹಾಕಿ: ನಡುವಿನ ವಿಂಡೋವನ್ನು ರೂಢಿಯಾದವರ ಹರವಿನ ಎರಡರಷ್ಟರ ಹತ್ತಿರ ಇಟ್ಟು, ಮೇಲಿನದು ಅದರ ಅರ್ಧ, ಕೆಳಗಿನದು ಅದರ ಎರಡರಷ್ಟು.

ಹೊರಗಿನ ವಿಂಡೋಗೆ ಒಂದು ಮಿತಿ ಇದೆ. ಒಂದೇ ಲೇನ್‌ನಲ್ಲಿ ಹತ್ತಿರ ಹತ್ತಿರ ಬರುವ ಎರಡು ನೋಟ್‌ಗಳ ಅಂತರದ ಅರ್ಧಕ್ಕಿಂತ ಅದು ದೊಡ್ಡದಾದರೆ ಎರಡರ ವಿಂಡೋ ಒಂದರ ಮೇಲೊಂದು ಬೀಳುತ್ತದೆ. ಮೇಲಿನ 180 ಬಿಪಿಎಮ್ ಹಾಡಿನಲ್ಲಿ ಅಂತರ 167, ಅರ್ಧ 83, ಅಂದರೆ ±90 ಆಗಲೇ ಸ್ವಲ್ಪ ಮೀರಿತು. ಅಂಥ ಕಡೆ ಒತ್ತು ಯಾವ ನೋಟ್‌ಗೆ ಹತ್ತಿರವೋ ಅದಕ್ಕೆ ಸೇರಲಿ ಅಂತ ಬರೆಯಬೇಡಿ. ಆ ಲೇನ್‌ನಲ್ಲಿ ಇನ್ನೂ ಒತ್ತದ ನೋಟ್‌ಗಳಲ್ಲಿ ಮೊದಲನೆಯದಕ್ಕೇ ಕೊಡಿ, ಎರಡು ನೋಟ್‌ಗಳ ನಡುವಿನ ಅರ್ಧದ ಗೆರೆ ದಾಟಿದ ಮೇಲೆ ಹಿಂದಿನದನ್ನು ಮಿಸ್ ಅಂತ ಮುಚ್ಚಿ. ಸಾಲು ಸರಿದುಹೋಗುವ ತೊಂದರೆ ಇದರಿಂದ ನಿಲ್ಲುತ್ತದೆ, ಒಂದು ನೋಟ್ ತಪ್ಪಿದವರಿಗೆ ಒಂದೇ ತಪ್ಪು ಬೀಳುತ್ತದೆ.

ಬಿಡುಗಡೆ ಆದ ಮೇಲೆ ಹಾಡು ಮುಗಿದಾಗಲೆಲ್ಲ ಆ ಹಾಡಿನ ಸರಾಸರಿ ತೋರಿಸಿ. ನೂರು ಒತ್ತಿಗಿಂತ ಹೆಚ್ಚಿದ್ದು ಸರಾಸರಿ 8 ದಾಟಿದ್ದರೆ “ಆಫ್‌ಸೆಟ್ ಇಷ್ಟು ಬದಲಿಸಲೇ” ಅಂತ ಕೇಳಿ. ಕೇಳದೆ ಬದಲಿಸಬೇಡಿ, ಹಾಡಿನ ನಡುವೆ ಅಂತೂ ಬೇಡವೇ ಬೇಡ. ನಾನು ಒಮ್ಮೆ ತಾನಾಗಿ ಸರಿಯುವ ಹಾಗೆ ಮಾಡಿದ್ದೆ. ಆಡುವವರು ಒಂದು ಕಷ್ಟದ ಸಾಲಿನಲ್ಲಿ ಸ್ವಲ್ಪ ಓಡಿದರು, ಆಟ ಅವರ ಹಿಂದೆ ಓಡಿತು, ಅವರು ಮತ್ತೆ ಸರಿಪಡಿಸಿಕೊಂಡಾಗ ಆಟ ತಪ್ಪಾದ ಜಾಗದಲ್ಲಿ ನಿಂತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋದ ಹಾಗಾಯಿತು. ಅವತ್ತೇ ತೆಗೆದುಹಾಕಿದೆ.

ಇದೇ ಸರಾಸರಿಯಿಂದ ಇನ್ನೊಂದು ಉಪಯೋಗ ಇದೆ. ಎಲ್ಲ ಹಾಡಿನಲ್ಲೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ವಾಲಿದ್ದರೆ ಸಾಧನದ ಆಫ್‌ಸೆಟ್ ತಪ್ಪು. ಒಂದೇ ಹಾಡು ಮಾತ್ರ ವಾಲಿದ್ದರೆ ಆ ಹಾಡಿನ ಚಾರ್ಟ್, ಅಂದರೆ ಯಾವ ನೋಟ್ ಯಾವಾಗ ಅಂತ ಬರೆದಿಟ್ಟ ಪಟ್ಟಿ, ತಪ್ಪು, ಆಡುವವರನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಡಿ. ಎಂಪಿ3 ಬಳಸಿದ್ದರೆ ಮೊದಲು ಅದನ್ನೇ ಸಂಶಯಪಡಿ. ಎನ್‌ಕೋಡ್ ಮಾಡುವಾಗ ಶುರುವಿನಲ್ಲಿ ಸಾವಿರದ ನೂರು ಸ್ಯಾಂಪಲ್‌ನಷ್ಟು ಮೌನ ಸೇರಿಕೊಳ್ಳುತ್ತದೆ, 44,100 ಹರ್ಟ್ಸ್‌ನಲ್ಲಿ ಅದು ಹತ್ತಿರ ಹತ್ತಿರ 25 ಮಿಲಿಸೆಕೆಂಡ್. ಕೆಲವು ಪ್ಲೇಯರ್ ಅದನ್ನು ಕತ್ತರಿಸುತ್ತವೆ, ಕೆಲವು ಇಲ್ಲ. ಚಾರ್ಟ್ ಬರೆದ ಎಡಿಟರ್‌ನಲ್ಲಿ ಒಂದು ಥರ, ಆಟದಲ್ಲಿ ಇನ್ನೊಂದು ಥರ ಆಗುತ್ತದೆ. ಆಗ್ ವೋರ್ಬಿಸ್‌ಗೆ ಬದಲಿಸಿ, ಚಾರ್ಟನ್ನೂ ಅದೇ ಫೈಲ್ ಇಟ್ಟುಕೊಂಡು ಬರೆಯಿರಿ.

ಮೂರನೆಯ ಬಗೆ, ಹಾಡಿನ ಶುರುವಿನಲ್ಲಿ ಸೊನ್ನೆ ಇದ್ದು ಕೊನೆಗೆ ಬರುತ್ತಾ ಬರುತ್ತಾ ಒಂದೇ ಕಡೆಗೆ ಬೆಳೆಯುವುದು. ಅದು ಬಿಪಿಎಮ್ ತಪ್ಪು. ನಿಜವಾಗಿ 127.95 ಇರುವ ಹಾಡಿಗೆ 128 ಅಂತ ಬರೆದರೆ, ಮೂರು ನಿಮಿಷದ ಕೊನೆಯಲ್ಲಿ ಬೀಟ್ 70 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ಇಡೀ ಹಾಡಿನ ಸರಾಸರಿ ತೆಗೆದರೆ +35 ಅಂತ ಕಾಣುತ್ತದೆ, ಆಫ್‌ಸೆಟ್ ತೊಂದರೆಯ ಹಾಗೆಯೇ. ಅದಕ್ಕೇ ಲಾಗ್‌ನಲ್ಲಿ ತಪ್ಪಿನ ಜೊತೆ ನೋಟ್‌ನ ಸಮಯವನ್ನೂ ಬರೆದಿಡಿ, ಹಾಡನ್ನು ನಾಲ್ಕು ಪಾಲು ಮಾಡಿ ಪ್ರತಿ ಪಾಲಿಗೂ ಸರಾಸರಿ ಬೇರೆ ಬೇರೆ ನೋಡಿ. 9, 26, 44, 61 ಅಂತ ಮೆಟ್ಟಿಲು ಕಂಡರೆ ಸ್ಲೈಡರ್ ಮುಟ್ಟದೆ ನೇರ ಚಾರ್ಟ್ ತೆರೆಯಿರಿ.